ವಿಷಯ: ಹೆಸರು, ದಿನಾಂಕದಿಂದ ರೋಗಿಗಳ ಫೈಲ್ ಹುಡುಕುವುದನ್ನು ಸರಿಪಡಿಸುವ ಬಗ್ಗೆ

ಐಟಿ ವಿಭಾಗದ ಮುಖ್ಯಸ್ಥರಿಗೆ,
ಶಿವಮೊಗ್ಗ

ಮಾನ್ಯ ಸರ್,

ಈಗಿನ ಸಾಫ್ಟ್‌ವೇರ್‌ನಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಮ್ಮಿಯಾದರೂ ಹಳೇ ಫೈಲ್ ಸಿಗುವುದಿಲ್ಲ. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಒಮ್ಮೆ Manjunath ಎಂದು ಟೈಪ್ ಆಗಿರುತ್ತದೆ, ಇನ್ನೊಮ್ಮೆ Manjunatha, ಮತ್ತೊಮ್ಮೆ Manjunath H. ಫೈಲ್ ಸಿಗದಿದ್ದರೆ ಕೌಂಟರ್‌ನಲ್ಲಿ ಹೊಸ ನಂಬರ್ ಕೊಟ್ಟುಬಿಡುತ್ತಾರೆ. ಆಗ ಯಾವ ಔಷಧಿ ಆಗಿಬರುವುದಿಲ್ಲ ಎಂದು ಹಿಂದೆ ಬರೆದಿದ್ದು ಡಾಕ್ಟರ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಜಾಸ್ತಿ ಭಯ ಇದರದ್ದೇ.

ಹಾಗಾಗಿ, ಉಚ್ಚಾರ ಹತ್ತಿರವಿರುವ ಹೆಸರುಗಳೆಲ್ಲ ಒಟ್ಟಿಗೆ ಬರಲಿ. ಪಕ್ಕದಲ್ಲೇ ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸು ಕಾಣಲಿ.

ದಿನಾಂಕದ್ದೂ ತೊಂದರೆಯೇ. ತೀರ್ಥಹಳ್ಳಿ, ಹೊಸನಗರ ಕಡೆಯವರು "ಹೋದ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಅಡ್ಮಿಟ್ ಆಗಿದ್ದೆ" ಎನ್ನುತ್ತಾರೆ. ತಾರೀಖು ಯಾರಿಗೆ ನೆನಪಿರುತ್ತದೆ, ಅಲ್ವಾ? ಎರಡು ತಾರೀಖುಗಳ ನಡುವೆ ಹುಡುಕುವ ಹಾಗಿರಬೇಕು. 05/06 ಎಂದರೆ ಎಲ್ಲ ಪುಟದಲ್ಲೂ ಜೂನ್ 5 ಆಗಿರಲಿ. ಕೆಲವು ಕಡೆ ಈಗ ಮೇ 6 ಎಂದು ತೋರಿಸುತ್ತಿದೆ.

ಡಿಸೆಂಬರ್ ಹೊತ್ತಿಗೆ ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ, ಜ್ವರದವರು ಜಾಸ್ತಿ ಬರುತ್ತಾರೆ. ಅಷ್ಟರೊಳಗೆ ಹೆಸರಿನ ಹುಡುಕಾಟವಾದರೂ ಸರಿಹೋದರೆ ದೊಡ್ಡ ಉಪಕಾರ. ನಿಮ್ಮ ಹುಡುಗರನ್ನು ಒಂದು ಬೆಳಿಗ್ಗೆ ನಮ್ಮ ಕೌಂಟರ್‌ಗೆ ಕಳಿಸಿ, ಎಲ್ಲವನ್ನೂ ತೋರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಗುಮಾಸ್ತೆ, ವೈದ್ಯಕೀಯ ದಾಖಲೆ ವಿಭಾಗ