ಹದಿಮೂರನೆಯ ಕೈ

ಅಂಚು ಹುಡಿಯಾಗಿ ಉದುರುತ್ತಿರುವ ಈ ರಟ್ಟಿನ ಹಿಂಬದಿಯಲ್ಲಿ
1936 ಎಂದು ಬರೆದು, ಆರು ಹೆಸರುಗಳನ್ನು
ಒಂದರ ಕೆಳಗೊಂದರಂತೆ ಅಪ್ಪ ಜೋಡಿಸಿಟ್ಟಿದ್ದಾರೆ.
ಮುಂಬದಿಯಲ್ಲಿ ಮುಖಗಳೂ ಆರೇ ಇವೆ:
ಬೆನ್ನು ನೇರ ಮಾಡಿ ಕುಳಿತ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ,
ಎತ್ತರದ ಕ್ರಮದಲ್ಲಿ ನಿಲ್ಲಿಸಿದ ಮೂವರು ಮಕ್ಕಳು,
ನಡುವಿನ ಕುರ್ಚಿಯಲ್ಲಿ, ಯಾರ ಆಸರೆಯೂ ಇಲ್ಲದೆ ಕುಳಿತಂತೆ ಕಾಣುವ,
ಇನ್ನೂ ಹಲ್ಲು ಮೂಡದ ನನ್ನ ಅಪ್ಪ.

ಅಜ್ಜಿಯ ಸೀರೆ ಇಲ್ಲಿ ಇದ್ದಿಲಿನಷ್ಟು ಕಪ್ಪಾಗಿದೆ.
ಅದೇ ಸೀರೆಯ ತುಂಡೊಂದು ನಮ್ಮ ಪೆಟ್ಟಿಗೆಯ ತಳದಲ್ಲಿ ಇಂದಿಗೂ ಇದೆ,
ಮಡಿಕೆ ಬಿಚ್ಚಿದರೆ ದಾಸವಾಳದಷ್ಟು ಕೆಂಪು.
ಆ ಕಾಲದ ಎಷ್ಟೋ ಫಲಕಗಳಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ;
ಆದ್ದರಿಂದ ಅವಳು ಇಷ್ಟಪಟ್ಟು ಉಟ್ಟು ಬಂದ ಬಣ್ಣವನ್ನು ಕಾಣಲಾರದೆ
ಚಿತ್ರವು ಅವಳನ್ನು ಶೋಕದಲ್ಲಿ ನಿಲ್ಲಿಸಿಬಿಟ್ಟಿದೆ.
ಕಣ್ಣಿನ ಕೆಳಗಿನ ಗೆರೆಗಳೂ ಇಲ್ಲ.
ನೆಗೆಟಿವ್‌ನ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಆಡಿಸಿ
ಯಾರೋ ಅವಳ ನಿದ್ದೆಗೆಟ್ಟ ರಾತ್ರಿಗಳನ್ನೆಲ್ಲ ನುಣುಪಾಗಿಸಿದ್ದಾರೆ.

ಇಷ್ಟನ್ನು ನಾನು ಮೊದಲೇ ಬಲ್ಲೆ.
ಅಪ್ಪ ತೀರಿಕೊಂಡ ಮೇಲಿನ ಒಂದು ಮಧ್ಯಾಹ್ನ,
ಅವರ ಮೇಜಿನ ಮೇಲೇ ಉಳಿದಿದ್ದ ಭೂತಗನ್ನಡಿಯನ್ನು ಹಿಡಿದು
ಮುಖಗಳನ್ನು ಬಿಟ್ಟು ಕೈಗಳನ್ನು ನೋಡತೊಡಗಿದೆ.
ಅಜ್ಜನವು ಮೊಣಕಾಲುಗಳ ಮೇಲೆ, ಅಜ್ಜಿಯವು ಸೆರಗಿನ ಅಂಚಿನಲ್ಲಿ,
ಮಕ್ಕಳವು ಹೇಳಿಕೊಟ್ಟಂತೆ ಎರಡೂ ಪಕ್ಕಕ್ಕೆ,
ಅಪ್ಪನ ಪುಟ್ಟ ಮುಷ್ಟಿಗಳು ಗಾಳಿಯಲ್ಲಿ.
ಹನ್ನೆರಡು ಇರಬೇಕಾದಲ್ಲಿ ಹದಿಮೂರು ಇದ್ದವು.

ಕುರ್ಚಿಗೆ ಹೊದಿಸಿದ ಶಾಲಿನ ಮಡಿಕೆಯಿಂದ ಹೊರಬಂದು
ಮಗುವಿನ ಬಿಳಿ ಅಂಗಿಯ ಮೇಲೆ, ಸೊಂಟದ ಬಳಿ,
ನಾಲ್ಕು ಬೆರಳುಗಳು ಒತ್ತಿ ನಿಂತಿವೆ.
ಮಣಿಕಟ್ಟು ಇರಬೇಕಾದಲ್ಲಿ ಒಂದು ಒರಟು ಕಪ್ಪು ಕಲೆಯಿದೆ;
ನೆಗೆಟಿವ್‌ನ ಲೇಪವನ್ನು ಅಲಗಿನಿಂದ ಹೆರೆದರೆ
ಮುದ್ರಣದಲ್ಲಿ ಆ ಜಾಗ ಹೀಗೆ ಕತ್ತಲಾಗುತ್ತದೆ.
ಬೆರಳುಗಳವರೆಗೆ ಬಂದ ಆ ಅಲಗು ಅಲ್ಲಿಯೇ ನಿಂತಿದೆ,
ಏಕೆಂದರೆ ಅವುಗಳನ್ನು ತೆಗೆಯಲು ಹೋದರೆ
ಅವು ಹಿಡಿದಿದ್ದ ಮಗುವನ್ನೂ ಗಾಯಗೊಳಿಸಬೇಕಾಗುತ್ತಿತ್ತು.

ಕೊನೆಯ ದಿನಗಳಲ್ಲಿ ಅಪ್ಪ ಒಮ್ಮೆ ಹೇಳಿದ್ದರು:
“ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು ನನ್ನ ಸೋದರತ್ತೆ.
ಅವಳ ಮುಖ ಎಷ್ಟು ನೆನೆದರೂ ಬರುವುದಿಲ್ಲವಪ್ಪ, ಒಂದು ಫೋಟೋ ಕೂಡ ಇಲ್ಲ.
ಹಿಡಿತ ಮಾತ್ರ ನೆನಪಿದೆ.”
ಹಾಗೆ ಹೇಳುವಾಗ ಅವರ ಅಂಗೈ, ಅವರಿಗೇ ತಿಳಿಯದಂತೆ,
ತಮ್ಮ ಎಡ ಸೊಂಟದ ಮೇಲೆ ಹೋಗಿ ಕುಳಿತಿತ್ತು.

ಚಿತ್ರದಲ್ಲಿಯೂ ಅದು ಎಡ ಸೊಂಟವೇ.

ಅವಳನ್ನು ಹೊರಗಿರು ಎಂದವರು ಯಾರು,
ಅಥವಾ ಮಗು ಅಲುಗದಿರಲೆಂದು ತಾನೇ ಶಾಲಿನ ಹಿಂದೆ ಮಂಡಿಯೂರಿದಳೇ,
ಈ ಕಾಗದ ಅದನ್ನು ಹೇಳುವುದಿಲ್ಲ.
ಒಂದನ್ನು ಮಾತ್ರ ಅದು ಮುಚ್ಚಿಡಲಾಗದೆ ಹೇಳುತ್ತದೆ:
ಮಸೂರ ತೆರೆದಿದ್ದ ಆ ಕ್ಷಣದಲ್ಲಿ ಅಪ್ಪ ಒದ್ದ ಕಾಲು ಮಂಜಾಗಿದೆ,
ಕಿರಿಯ ದೊಡ್ಡಪ್ಪನ ತಲೆ ತುಸು ಕದಡಿದೆ,
ಅಜ್ಜನ ಮೀಸೆಯ ತುದಿಯೂ ಉಸಿರಿಗೆ ಅಲುಗಿದೆ,
ಆ ನಾಲ್ಕು ಬೆರಳುಗಳು ಮಾತ್ರ ಉಗುರಿನ ಅರ್ಧಚಂದ್ರ ಸಹಿತ ಸ್ಪಷ್ಟವಾಗಿವೆ.
ಯಾರೂ ನೋಡಬಾರದಿದ್ದವಳು ಎಲ್ಲರಿಗಿಂತ ನಿಶ್ಚಲವಾಗಿದ್ದಳು.

ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿದ್ದ ಛಾಯಾಗ್ರಾಹಕನಿಗೆ
ಈ ಕುಟುಂಬವು ಗಾಜಿನ ಮೇಲೆ ತಲೆಕೆಳಗಾಗಿ ಕಂಡಿರಬೇಕು:
ನೆಲ ಮೇಲೆ, ಮುಖಗಳು ಕೆಳಗೆ,
ಮಂಡಿಯೂರಿದವಳು ನಿಂತವರಿಗಿಂತ ಎತ್ತರದಲ್ಲಿ.
ಆ ಒಂದು ನೋಟ ಅವನೊಬ್ಬನಿಗೇ ದಕ್ಕಿತು.

ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ.
ಇಷ್ಟು ವರ್ಷಗಳಲ್ಲಿ ಬೆಳ್ಳಿಯು ಮೇಲ್ಪದರಕ್ಕೆ ಏರಿ ಬಂದು
ಕತ್ತಲೆಯ ಭಾಗಗಳಲ್ಲೆಲ್ಲ ನೀಲಿ ಹೊಳಪು ಕಟ್ಟಿದೆ,
ಬಿಳಿಯ ಭಾಗಗಳಲ್ಲಿ ಹೊಳೆಯಲು ಬೆಳ್ಳಿಯೇ ಇಲ್ಲ.
ಅಜ್ಜನ ಹಣೆ ಮಂಕಾಗಿದೆ; ಮಕ್ಕಳ ಅಂಗಿಗಳು ಹಳದಿಗಟ್ಟಿವೆ;
ಕುರ್ಚಿಯ ಹಿಂದೆ, ಅಲಗು ಹೆರೆದ ಆ ಕಪ್ಪಿನಲ್ಲಿ,
ಅವಳು ಉಸಿರು ಬಿಗಿಹಿಡಿದು ಕುಳಿತಿದ್ದ ಜಾಗವು
ಕೆರೆಯ ನೀರಿನಂತೆ ಮಿನುಗುತ್ತದೆ.

ಶಾಯಿ ಮುಂಬದಿಗೆ ಇಳಿದೀತೆಂದು ಮೆತ್ತನೆಯ ಪೆನ್ಸಿಲ್ ಹುಡುಕಿ ತಂದು,
ಅಪ್ಪನ ಹೆಸರಿನ ಪಕ್ಕದಲ್ಲಿ ಉಳಿದಿದ್ದ ಬೆರಳಗಲದ ಜಾಗದಲ್ಲಿ,
ಒತ್ತದೆ, ಒಂದೊಂದೇ ಅಕ್ಷರವಾಗಿ ಬರೆದೆ:
ಸೋದರತ್ತೆ, ಮಗುವನ್ನು ಹಿಡಿದುಕೊಂಡಿರುವವರು.