‘ದೋಷದ ಅಂತರ ±2’: ಸಮೀಕ್ಷೆಯ ಕೊನೆಯ ಸಾಲನ್ನು ಓದುವುದು ಹೇಗೆ?

ಚುನಾವಣಾ ಪೂರ್ವ ಸಮೀಕ್ಷೆಯ ಸುದ್ದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಮಾದರಿ 2,400 ಮತದಾರರು, ದೋಷದ ಅಂತರ ± ಶೇ 2’. ಹೆಚ್ಚಿನವರು ಇದನ್ನು ಓದುವುದಿಲ್ಲ. ಓದಿದವರೂ ‘ಸಮೀಕ್ಷೆ ಹೆಚ್ಚೆಂದರೆ ಶೇ 2ರಷ್ಟು ತಪ್ಪಬಹುದು’ ಎಂದುಕೊಳ್ಳುತ್ತಾರೆ. ಆ ಸಾಲಿನ ಅರ್ಥ ಅದಲ್ಲ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಸಮೀಕ್ಷೆ ಇಟ್ಟುಕೊಳ್ಳೋಣ. ರಾಜ್ಯದಾದ್ಯಂತ 2,400 ಮತದಾರರನ್ನು ಕೇಳಲಾಗಿದೆ. ‘ಅ’ ಪಕ್ಷಕ್ಕೆ ಶೇ 40, ‘ಬ’ ಪಕ್ಷಕ್ಕೆ ಶೇ 37, ಉಳಿದದ್ದು ಇತರರಿಗೆ. ಮರುದಿನದ ತಲೆಬರಹ: ‘ಅ ಪಕ್ಷಕ್ಕೆ 3 ಅಂಶಗಳ ಮುನ್ನಡೆ’.

ಅನ್ನ ಬೆಂದಿದೆಯೇ ಎಂದು ನೋಡಲು ಅಗುಳು ಹಿಚುಕುತ್ತೇವೆ, ಇಡೀ ಪಾತ್ರೆ ಉಣ್ಣುವುದಿಲ್ಲ. ಸಮೀಕ್ಷೆಯ ತತ್ವವೂ ಇದೇ. ಪಾತ್ರೆ ನಾಲ್ಕು ಜನರದ್ದೋ ಮದುವೆ ಮನೆಯದ್ದೋ ಎಂಬುದು ಮುಖ್ಯವಲ್ಲ. ಕರ್ನಾಟಕದಲ್ಲಿ 5 ಕೋಟಿಗೂ ಹೆಚ್ಚು ಮತದಾರರಿದ್ದಾರೆ, 2,400 ಜನ ಯಾವ ಮೂಲೆಗೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ದೋಷದ ಅಂತರವನ್ನು ನಿರ್ಧರಿಸುವುದು ಎಷ್ಟು ಜನರನ್ನು ಕೇಳಿದಿರಿ ಎಂಬ ಸಂಖ್ಯೆಯೇ ಹೊರತು ಒಟ್ಟು ಮತದಾರರ ಸಂಖ್ಯೆಯಲ್ಲ. ಆದರೆ ಷರತ್ತು ಒಂದಿದೆ. ಪಾತ್ರೆಯ ಯಾವ ಅಗುಳಾದರೂ ಕೈಗೆ ಸಿಗುವಂತಿರಬೇಕು. ಮೇಲಿನ ಪದರದಿಂದಷ್ಟೇ ತೆಗೆದರೆ ತಳ ಹತ್ತಿದ್ದು ಗೊತ್ತಾಗುವುದಿಲ್ಲ.

ಹಾಗೆ ಚೀಟಿ ಎತ್ತಿದಂತೆ ಆರಿಸಿದರೂ ಒಮ್ಮೆ ‘ಅ’ ಪಕ್ಷದವರು ನಾಲ್ಕು ಜನ ಹೆಚ್ಚು ಸಿಗಬಹುದು, ಇನ್ನೊಮ್ಮೆ ಕಡಿಮೆ. ಈ ಅದೃಷ್ಟದ ಏರುಪೇರನ್ನು ಅಳೆಯುವುದೇ ದೋಷದ ಅಂತರ. ಸೂತ್ರ ಇದು:

```
1.96 × √( p × (1 − p) ÷ n )
```

ಇಲ್ಲಿ p ಎಂದರೆ ಪಕ್ಷದ ಪಾಲು (ಶೇ 40 ಇದ್ದರೆ 0.40), n ಎಂದರೆ ಮಾದರಿಯ ಗಾತ್ರ. ಸೂತ್ರ ಬೇಡವೆನಿಸಿದರೆ 100ನ್ನು ಮಾದರಿಯ ವರ್ಗಮೂಲದಿಂದ ಭಾಗಿಸಿ. 2,400ರ ವರ್ಗಮೂಲ ಸುಮಾರು 49, ಉತ್ತರ 2. ಮಾದರಿ 400 ಇದ್ದರೆ 5, 10,000 ಇದ್ದರೆ 1. ದೋಷವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನರನ್ನು ಕೇಳಬೇಕು. ಸಮೀಕ್ಷೆಗಳು ಕೆಲವು ಸಾವಿರಕ್ಕೆ ನಿಲ್ಲಲು ಈ ಖರ್ಚೇ ಮುಖ್ಯ ಕಾರಣ.

ಸೂತ್ರದಲ್ಲಿರುವ 1.96, ‘ಶೇ 95 ವಿಶ್ವಾಸ ಮಟ್ಟ’ ಎಂಬ ಮಾತಿನಿಂದ ಬಂದದ್ದು. ಇದೇ ರೀತಿಯ 20 ಸಮೀಕ್ಷೆ ಮಾಡಿದರೆ ಸರಾಸರಿ 19ರಲ್ಲಿ ನಿಜವಾದ ಸಂಖ್ಯೆ ಆ ಅಂತರದೊಳಗೆ ಇರುತ್ತದೆ. ಒಂದರಲ್ಲಿ, ಯಾರ ತಪ್ಪೂ ಇಲ್ಲದೆ, ಹೊರಗೆ ಹೋಗುತ್ತದೆ.

ಮುನ್ನಡೆಗೆ ಬೇರೆ ಲೆಕ್ಕ

ಅತಿ ಹೆಚ್ಚು ಎಡವುವುದು ಇಲ್ಲಿ. ±2 ಎಂಬುದು ಒಂದೊಂದು ಪಕ್ಷದ ಪಾಲಿಗೆ ಅನ್ವಯಿಸುತ್ತದೆ, ಎರಡರ ನಡುವಿನ ವ್ಯತ್ಯಾಸಕ್ಕಲ್ಲ. ಮಾದರಿಯಲ್ಲಿ ‘ಅ’ ಪಕ್ಷದವರು ಹೆಚ್ಚು ಸಿಕ್ಕರೆ ‘ಬ’ ಪಕ್ಷದವರು ಸಾಮಾನ್ಯವಾಗಿ ಕಡಿಮೆಯಾಗುತ್ತಾರೆ. ಒಂದೇ ತಪ್ಪು ಎರಡೂ ಕಡೆ ಎಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ 3 ಅಂಶಗಳ ಮುನ್ನಡೆಯ ದೋಷದ ಅಂತರ ±3.5. ಅಂದರೆ ನಿಜವಾದ ಮುನ್ನಡೆ 6.5 ಇರಬಹುದು, ‘ಬ’ ಪಕ್ಷವೇ ಅರ್ಧ ಅಂಶ ಮುಂದಿರಲೂಬಹುದು.

ಹಾಗೆಂದು ‘ಎರಡೂ ಸಮಸಮ’ ಎಂದು ಬರೆಯುವುದೂ ತಪ್ಪೇ. ಅಂತರದೊಳಗಿನ ಎಲ್ಲ ಸಂಖ್ಯೆಗಳಿಗೂ ಒಂದೇ ಸಾಧ್ಯತೆ ಇರುವುದಿಲ್ಲ. ನಡುವಿನವು ಹೆಚ್ಚು ಸಂಭವನೀಯ, ಅಂಚಿನವು ಕಡಿಮೆ. ‘ಅ ಪಕ್ಷ ಮುಂದಿರುವಂತಿದೆ, ಖಚಿತವಿಲ್ಲ’ ಎಂಬುದಷ್ಟೇ ಈ ಅಂಕಿಗಳು ಕೊಡುವ ಸುದ್ದಿ.

ಎರಡು ಸಮೀಕ್ಷೆಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಕಳೆದ ತಿಂಗಳು ಶೇ 38 ಇದ್ದ ಪಕ್ಷ ಈ ತಿಂಗಳು ಶೇ 40ಕ್ಕೆ ಏರಿದರೆ ‘ಅಲೆ’ ಎನ್ನುತ್ತೇವೆ. ಎರಡರಲ್ಲೂ 2,400 ಜನರನ್ನೇ ಕೇಳಿದ್ದರೆ ಬದಲಾವಣೆಯ ದೋಷದ ಅಂತರ ಸುಮಾರು ±2.8. ಆ 2 ಅಂಶದ ಏರಿಕೆ ಬರೀ ಚೀಟಿಯ ಆಟವಾಗಿರಬಹುದು. ಇನ್ನು ‘ಕಲ್ಯಾಣ ಕರ್ನಾಟಕದಲ್ಲಿ ಹೀಗೆ, ಯುವತಿಯರಲ್ಲಿ ಹಾಗೆ’ ಎಂದು ಒಡೆದು ತೋರಿಸುವ ಕೋಷ್ಟಕಗಳಂತೂ ತೀರಾ ದುರ್ಬಲ. 2,400ರಲ್ಲಿ ಒಂದು ಪ್ರದೇಶದವರು 300 ಇದ್ದರೆ ಅಲ್ಲಿಯ ಅಂತರ ±5.7, ಅದರೊಳಗಿನ 120 ಯುವತಿಯರಿಗೆ ±9. ಅಂಥ ಅಂಕಿ ಇಟ್ಟುಕೊಂಡು ಲೇಖನ ಬರೆಯುವುದನ್ನು ನಾವು ಪತ್ರಿಕೆಯವರು ನಿಲ್ಲಿಸಲೇಬೇಕು.

ಮುದ್ರಿತ ±2 ಯಾಕೆ ಚಿಕ್ಕದು?

ಆ ಸೂತ್ರ 2,400 ಜನರನ್ನು ಬಿಡಿಬಿಡಿಯಾಗಿ ಆರಿಸಿದ್ದೇವೆ ಎಂದು ನಂಬುತ್ತದೆ. ಮನೆಮನೆ ಸಮೀಕ್ಷೆ ಹಾಗೆ ನಡೆಯುವುದಿಲ್ಲ. 240 ಮತಗಟ್ಟೆ ಆರಿಸಿ, ಪ್ರತಿಯೊಂದರಲ್ಲಿ 10 ಜನರನ್ನು ಕೇಳುತ್ತಾರೆ ಎನ್ನಿ. ಒಂದೇ ಕೇರಿಯವರು ಹಲವು ಬಾರಿ ಒಂದೇ ಕಡೆ ಮತ ಹಾಕುವುದರಿಂದ ಹತ್ತನೆಯವರ ಉತ್ತರದಲ್ಲಿ ಹೊಸ ಮಾಹಿತಿ ಕಡಿಮೆ. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಈ ಹೋಲಿಕೆಯ ಪ್ರಮಾಣ 0.1 ಎಂದು ಹಿಡಿದರೆ 2,400 ಜನರ ಮಾದರಿಗೆ ಸುಮಾರು 1,260 ಜನರ ಬೆಲೆಯಷ್ಟೇ ಉಳಿಯುತ್ತದೆ. ±2 ಆಗ ±2.8, ಮುನ್ನಡೆಯ ಅಂತರ ±4.8. ಮಹಿಳೆಯರು, ಹಿರಿಯರು ಕಡಿಮೆ ಸಿಕ್ಕರೆಂದು ಆಮೇಲೆ ತೂಕ ಹೊಂದಿಸಿದಾಗಲೂ ಅಂತರ ಸಾಮಾನ್ಯವಾಗಿ ಹಿಗ್ಗುತ್ತದೆ.

ಇಷ್ಟೆಲ್ಲ ಅದೃಷ್ಟದ ತಪ್ಪಿನ ಮಾತು. ಬಾಗಿಲು ತೆರೆಯದವರು, ಅಪರಿಚಿತ ನಂಬರ್ ಎತ್ತದವರು, ಅಕ್ಕಪಕ್ಕದವರ ಎದುರು ನಿಜ ಹೇಳದವರು, ಮತ ಹಾಕುತ್ತೇನೆಂದು ಹೇಳಿ ಮತಗಟ್ಟೆಗೆ ಹೋಗದವರು, ಕೊನೆಯ ವಾರ ಮನಸ್ಸು ಬದಲಿಸಿದವರು: ಇವರಿಂದಾಗುವ ತಪ್ಪು ಯಾವುದೂ ಆ ± ಚಿಹ್ನೆಯೊಳಗೆ ಇಲ್ಲ. ಮಾದರಿ ಹಿಗ್ಗಿಸಿದರೂ ಅದು ಹೋಗದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯ ಅಧ್ಯಕ್ಷೀಯ ಚುನಾವಣಾ ಸಮೀಕ್ಷೆಗೆ ಸುಮಾರು 24 ಲಕ್ಷ ಉತ್ತರಗಳು ಬಂದಿದ್ದವು. ನಮ್ಮ ಸೂತ್ರದ ಪ್ರಕಾರ ದೋಷದ ಅಂತರ ±0.06. ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು ಆ ಸಮೀಕ್ಷೆ. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಪುಸ್ತಕ, ಕಾರು ಮಾಲೀಕರ ಪಟ್ಟಿಗಳಿಂದ ತೆಗೆದಿದ್ದರು, ಉತ್ತರ ಬರೆದು ಕಳಿಸುವ ಹಟವೂ ರೂಸ್‌ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಿತ್ತು. ಮೇಲಿನ ಪದರದ ಅಗುಳು.

ಹಾಗಾಗಿ ಮಾದರಿಯ ಗಾತ್ರಕ್ಕಿಂತ ಮೊದಲು ಮೂರು ವಿಷಯ ಹುಡುಕಿ: ಜನರನ್ನು ಹೇಗೆ ಆರಿಸಿದರು, ಯಾವ ದಿನಾಂಕಗಳಲ್ಲಿ ಕೇಳಿದರು, ‘ಇನ್ನೂ ನಿರ್ಧರಿಸಿಲ್ಲ’ ಎಂದವರನ್ನು ಏನು ಮಾಡಿದರು. ಶೇ 12ರಷ್ಟು ಜನ ಹಾಗೆ ಹೇಳಿದ್ದು, ಅವರನ್ನು ಸದ್ದಿಲ್ಲದೆ ಎಲ್ಲ ಪಕ್ಷಗಳಿಗೂ ಹಂಚಿದ್ದರೆ 3 ಅಂಶದ ಮುನ್ನಡೆಗೆ ಬೆಲೆಯೇ ಇಲ್ಲ.

ಮತದಿಂದ ಸೀಟಿಗೆ

ದೋಷದ ಅಂತರ ಹೇಳುವುದು ಮತಪ್ರಮಾಣದ ಬಗ್ಗೆ. ‘105ರಿಂದ 115 ಸ್ಥಾನ’ ಎಂಬ ಅಂದಾಜು ಅದರ ಮೇಲೆ ಕಟ್ಟಿದ ಇನ್ನೊಂದು ಲೆಕ್ಕ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು, ಬಿಜೆಪಿಗೆ ಶೇ 36ರಷ್ಟು ಮತ ಬಂತು. ಆದರೆ 104 ಸ್ಥಾನ ಪಡೆದು ದೊಡ್ಡ ಪಕ್ಷವಾದದ್ದು ಬಿಜೆಪಿ. ಕಾಂಗ್ರೆಸ್ ಮತ ರಾಜ್ಯದೆಲ್ಲೆಡೆ ಹರಡಿತ್ತು, ಬಿಜೆಪಿಯದು ಕೆಲವು ಭಾಗಗಳಲ್ಲಿ ಒತ್ತೊತ್ತಾಗಿತ್ತು. ಮತಪ್ರಮಾಣವನ್ನು ಕರಾರುವಾಕ್ಕಾಗಿ ಹೇಳಿದ ಸಮೀಕ್ಷೆಯೂ ಅಲ್ಲಿ ಸೀಟುಗಳಲ್ಲಿ ಎಡವಬಹುದಿತ್ತು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ ತೀರ್ಮಾನವಾದದ್ದು 16 ಮತಗಳಿಂದ. ಯಾವ ಮಾದರಿಗೂ ಅದು ನಿಲುಕುವುದಿಲ್ಲ.