ಮನೆ ನಕ್ಷೆ ತಿರಸ್ಕರಿಸಿದ್ದಕ್ಕೆ ಲಿಖಿತ ಕಾರಣ ಕೋರಿ ಅರ್ಜಿ

ಉಡುಪಿ, 10-02-2025

ಕಟ್ಟಡ ಪರವಾನಗಿ ವಿಭಾಗದ ಅಧಿಕಾರಿಯವರಿಗೆ,

ಮಾನ್ಯರೇ,

ನನ್ನ 6 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಲು ಕೊಟ್ಟ ನಕ್ಷೆಯನ್ನು ತಿರಸ್ಕರಿಸಿದ್ದೀರಿ. ಹಿಂಬರಹದಲ್ಲಿ ಇರುವುದು ‘ನಿಯಮಾನುಸಾರ ಇಲ್ಲ’ ಎಂಬ ಮಾತು ಮಾತ್ರ. ಯಾವ ನಿಯಮ? ಸೆಟ್‌ಬ್ಯಾಕ್ ಕಡಿಮೆಯಾಯಿತೇ, ರಸ್ತೆಯ ಅಗಲ ಸಾಲದೇ, ದಾಖಲೆ ಬೇಕೇ? ಗೊತ್ತಾದರೆ ತಾನೇ ಇಂಜಿನಿಯರ್ ನಕ್ಷೆ ತಿದ್ದುವುದು? ಕೌಂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಯಿಮಾತು ನಂಬಿ ಮೇಲ್ಮನವಿ ಹಾಕಲು ಆಗುವುದಿಲ್ಲ.

ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಹೇಳುತ್ತದೆ. ಆದ್ದರಿಂದ ನಿಯಮದ ಸಂಖ್ಯೆ, ನಕ್ಷೆಯಲ್ಲಿನ ಕೊರತೆ ಮತ್ತು ಸ್ಥಳ ಪರಿಶೀಲನೆ ವರದಿಯ ಪ್ರತಿಯನ್ನು ಲಿಖಿತವಾಗಿ ಕೊಡಿ. ಮಳೆಗಾಲಕ್ಕೆ ಮೊದಲು ಮನೆಯ ಪಂಚಾಂಗ ಕಟ್ಟಿ ಮುಗಿಯಬೇಕು, ದಯವಿಟ್ಟು ತಡಮಾಡಬೇಡಿ.

ಲಗತ್ತು: ಹಿಂಬರಹ, ನಕ್ಷೆಯ ಪ್ರತಿಗಳು

ಇತಿ ತಮ್ಮ ವಿಶ್ವಾಸಿ,
ವಸಂತಿ